ಬಾರ್ ಕಾಣದ ಫೋಟೊ, ಬಾಲ ಕಳೆಯುವ ಲೆಕ್ಕ

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಮನೆಪಾಠ ಹೇಳುವವರ ವಾಟ್ಸಾಪ್‌ಗೆ ಸಂಜೆಯಾದರೆ ಲೆಕ್ಕಗಳ ಫೋಟೊ ಬರುತ್ತವೆ. ಟ್ಯೂಬ್‌ಲೈಟ್ ಕೆಳಗೆ, ಅರ್ಧ ಮಡಚಿದ ಪುಸ್ತಕದ ಮೇಲೆ ಫೋನ್ ಹಿಡಿದು ತೆಗೆದ ಚಿತ್ರ, ಜತೆಗೆ ಒಂದು ಸಾಲು: “ಸರ್, ಇದನ್ನ p/q ರೂಪಕ್ಕೆ ತರೋದು ಹೇಗೆ?” ಚಿತ್ರವನ್ನು ದೊಡ್ಡದು ಮಾಡಿದರೆ ಕಾಣುವುದು 0.235. ಅಂಕಿಗಳ ಮೇಲೆ ಸಣ್ಣ ಗೆರೆಯಂಥದ್ದೇನೋ ಇದೆ. ಅದು 5ರ ಮೇಲೆ ಮಾತ್ರ ಇದೆಯೋ, 35ರ ಮೇಲಿದೆಯೋ, ಮೂರೂ ಅಂಕಿಗಳ ಮೇಲಿದೆಯೋ ತಿಳಿಯುವುದಿಲ್ಲ.

ಆ ಗೆರೆಯನ್ನು ಮಕ್ಕಳು ಬಾರ್ ಅನ್ನುತ್ತಾರೆ. ಅದರ ಕೆಳಗಿರುವ ಅಂಕಿಗಳು ಕೊನೆಯಿಲ್ಲದೆ ಮರುಕಳಿಸುತ್ತವೆ ಎಂಬುದಷ್ಟೇ ಅದರ ಅರ್ಥ. ಆದರೆ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆಯೇ. ಬಾರ್ 35ರ ಮೇಲಿದ್ದರೆ ಸಂಖ್ಯೆ 0.2353535…, 5ರ ಮೇಲೆ ಮಾತ್ರ ಇದ್ದರೆ 0.235555…, ಮೂರರ ಮೇಲೂ ಇದ್ದರೆ 0.235235235…. ಬಾರ್ ಇಲ್ಲವೇ ಇಲ್ಲ ಎಂದಾದರೆ ಅದು ಬರೀ 0.235, ಅಂದರೆ 47/200. ನಾಲ್ಕೂ ಬೇರೆ ಬೇರೆ ಸಂಖ್ಯೆಗಳು. ಒಂದಕ್ಕೊಂದು ಎಷ್ಟು ಹತ್ತಿರ ಇವೆಯೆಂದರೆ, ಮೊದಲ ಮೂರು ದಶಮಾಂಶ ಸ್ಥಾನಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಗಣಿತ ಓದಿದವರಿಗೆ ಇವುಗಳಲ್ಲಿ ಮೊದಲನೆಯದು ಹಳೆಯ ಪರಿಚಯ. ಸಂಖ್ಯಾ ಪದ್ಧತಿಯ ಅಧ್ಯಾಯದಲ್ಲಿ 0.2353535…ನ್ನು ಭಿನ್ನರಾಶಿಯಾಗಿ ಬರೆಯುವ ಉದಾಹರಣೆ ಇದೆ. ಫೋಟೊದಲ್ಲಿರುವುದು ಅದೇ ಎಂದಿಟ್ಟುಕೊಂಡು ನೋಡೋಣ.

ಸಂಖ್ಯೆಯನ್ನು x ಎಂದು ಕರೆಯೋಣ. ನಮಗೆ ತೊಂದರೆ ಕೊಡುತ್ತಿರುವುದು ಅದರ ಮುಗಿಯದ ಬಾಲ. ಆ ಬಾಲವನ್ನು ಹಾಗೆಯೇ ಹೊತ್ತ ಇನ್ನೊಂದು ಸಂಖ್ಯೆ ಸಿಕ್ಕರೆ, ಒಂದರಿಂದ ಇನ್ನೊಂದನ್ನು ಕಳೆದು ಎರಡೂ ಬಾಲಗಳನ್ನು ಒಟ್ಟಿಗೆ ಅಳಿಸಬಹುದು. x ಅನ್ನು 10ರಿಂದ ಗುಣಿಸಿದರೆ ದಶಮಾಂಶ ಬಿಂದು ಒಂದು ಮನೆ ಬಲಕ್ಕೆ ಸರಿಯುತ್ತದೆ, 2 ಎಡಗಡೆಗೆ ಹೋಗುತ್ತದೆ. 1000ದಿಂದ ಗುಣಿಸಿದರೆ ಮೂರು ಮನೆ ಸರಿದು 235 ಎಡಗಡೆಗೆ ಬರುತ್ತದೆ. ಎರಡರಲ್ಲೂ ಬಿಂದುವಿನ ಬಲಕ್ಕೆ ಉಳಿಯುವುದು ಒಂದೇ ಬಾಲ:

```
1000x = 235.353535…
  10x =   2.353535…
 990x = 233
```

ಆದ್ದರಿಂದ x = 233/990. ಅಂಶದಲ್ಲಿರುವ 233 ಅವಿಭಾಜ್ಯ ಸಂಖ್ಯೆ, 990ನ್ನು ಅದು ಭಾಗಿಸುವುದೂ ಇಲ್ಲ. ಹಾಗಾಗಿ ಇದಕ್ಕಿಂತ ಸಣ್ಣ ರೂಪ ಸಾಧ್ಯವಿಲ್ಲ.

ಮಕ್ಕಳು ಎಡವುವುದು ಯಾವುದರಿಂದ ಗುಣಿಸಬೇಕು ಎಂಬಲ್ಲಿ. ಪುಸ್ತಕದಲ್ಲಿ ಈ ವಿಧಾನದ ಮೊದಲ ಉದಾಹರಣೆ 0.3333… ಆಗಿರುವುದರಿಂದ ‘10ರಿಂದ ಗುಣಿಸು, ಕಳೆ’ ಎಂಬುದು ಕೈಗೆ ಅಂಟಿಕೊಂಡುಬಿಟ್ಟಿರುತ್ತದೆ. ಇಲ್ಲಿ ಹಾಗೆ ಮಾಡಿದರೆ 2.353535…ರಿಂದ 0.235353… ಕಳೆದು 2.1181818… ಬರುತ್ತದೆ. 5ರ ಕೆಳಗೆ 3, 3ರ ಕೆಳಗೆ 5 ಬಂದು ನಿಂತಿದ್ದರಿಂದ ಬಾಲ ಅಳಿಯಲಿಲ್ಲ. ಕಳೆದ ಮೇಲೂ ಅಂಕಿಗಳು ಮುಗಿಯದೆ ಹೋಗುತ್ತಿದ್ದರೆ ಗುಣಕ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ನಿಯಮ ಇಷ್ಟೇ: ಎರಡು ಗುಣಕಗಳ ನಡುವಿನ ಅಂತರ ಮರುಕಳಿಸುವ ಅಂಕಿಗಳಷ್ಟು ಮನೆಗಳಾಗಿರಬೇಕು. ಇಲ್ಲಿ 35 ಎರಡು ಅಂಕಿ, ಹಾಗಾಗಿ ಎರಡು ಮನೆ. x ಮತ್ತು 100x ಹಿಡಿದರೂ ನಡೆಯುತ್ತದೆ. 23.535353…ರಿಂದ 0.235353… ಕಳೆದರೆ 99x = 23.3, ಎರಡೂ ಕಡೆ ಹತ್ತರಿಂದ ಗುಣಿಸಿದರೆ ಮತ್ತದೇ 990x = 233. ಬಿಂದು ಕಾಣದ ಮೊದಲ ದಾರಿಯೇ ಮಕ್ಕಳಿಗೆ ಸಲೀಸು ಎಂಬುದು ನನ್ನ ಅಭಿಪ್ರಾಯ.

ಉತ್ತರ ಸರಿಯೇ ಎಂದು ನೋಡಲು ಅನೇಕರು ಕ್ಯಾಲ್ಕ್ಯುಲೇಟರ್ ಒತ್ತುತ್ತಾರೆ. ಹತ್ತು ಸ್ಥಾನಕ್ಕೆ ದುಂಡಾಗಿಸುವ ಕ್ಯಾಲ್ಕ್ಯುಲೇಟರ್ 0.2353535354 ಎಂದು ತೋರಿಸುತ್ತದೆ, ಆ ಕೊನೆಯ 4 ನೋಡಿ ಮಗು ಗಾಬರಿಯಾಗುತ್ತದೆ. ಅದಕ್ಕಿಂತ ಪೆನ್ಸಿಲ್ ಹಿಡಿದು ಭಾಗಿಸುವುದು ಮೇಲು. 2330ರಲ್ಲಿ 990 ಎರಡು ಸಲ, ಶೇಷ 350. 3500ರಲ್ಲಿ ಮೂರು ಸಲ, ಶೇಷ 530. 5300ರಲ್ಲಿ ಐದು ಸಲ, ಶೇಷ ಮತ್ತೆ 350. ಅಲ್ಲಿಗೇ ನಿಲ್ಲಿಸಬಹುದು. ಒಮ್ಮೆ ಬಂದ ಶೇಷ ಮತ್ತೆ ಬಂತೆಂದರೆ ಅದರ ನಂತರ ಬಂದ ಅಂಕಿಗಳೂ ಅದೇ ಸಾಲಿನಲ್ಲಿ ಬರಲೇಬೇಕು. 350 ಮೊದಲು ಕಂಡದ್ದು 2ರ ನಂತರ, ಆದ್ದರಿಂದ 2 ಒಂಟಿಯಾಗಿ ಉಳಿದು 35 ಮಾತ್ರ ಸುತ್ತುತ್ತದೆ. ದಶಮಾಂಶ ಆವರ್ತವಾಗುವುದಕ್ಕೆ ಕಾರಣವೂ ಇದೇ. 990ರಿಂದ ಭಾಗಿಸುವಾಗ ಶೇಷ 990ಕ್ಕಿಂತ ಕಡಿಮೆಯಿರಬೇಕು, ಅಷ್ಟರೊಳಗೆ ಯಾವುದೋ ಒಂದು ಶೇಷ ಮರಳಿ ಬಂದೇ ಬರುತ್ತದೆ.

ಕೊನೆಯಿಲ್ಲದ ಸಾಲನ್ನು ಹೀಗೆ ಗುಣಿಸುವುದು, ಕಳೆಯುವುದು ಸರಿಯೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 1 + 10 + 100 + 1000 + … ಎಂಬ ಮೊತ್ತವನ್ನು x ಎಂದು ಕರೆದು ಇದೇ ಕೈಚಳಕ ಮಾಡಿ ನೋಡಿ. 10x ಅಂದರೆ 10 + 100 + 1000 + …, ಅದಕ್ಕೆ 1 ಕೂಡಿಸಿದರೆ ಮತ್ತೆ x. ಆಗ 9x = −1, x = −1/9. ಬೆಳೆಯುತ್ತಲೇ ಹೋಗುವ ಮೊತ್ತಕ್ಕೆ ಋಣ ಉತ್ತರ! ಅಲ್ಲಿ x ಎಂಬ ಸಂಖ್ಯೆಯೇ ಇರಲಿಲ್ಲ, ಇಲ್ಲದ್ದಕ್ಕೆ ಹೆಸರಿಟ್ಟು ಲೆಕ್ಕ ಹಾಕಿದೆವು. ದಶಮಾಂಶದಲ್ಲಿ ಆ ಭಯವಿಲ್ಲ. ಪ್ರತಿ ಮನೆಯ ಬೆಲೆ ಹಿಂದಿನ ಮನೆಯ ಹತ್ತನೇ ಒಂದು ಭಾಗ. ಎಷ್ಟೇ ಅಂಕಿ ಸೇರಿದರೂ ಮೊತ್ತ ಒಂದು ನಿಶ್ಚಿತ ಬೆಲೆಯತ್ತ ಸರಿಯುತ್ತ ಹೋಗುತ್ತದೆ, ಅದನ್ನು ದಾಟುವುದಿಲ್ಲ. x ನಿಜಕ್ಕೂ ಇದೆ, ಅದಕ್ಕೇ ಕಳೆಯಬಹುದು. 0.9999… ಎಂಬುದು 1ಕ್ಕೆ ಸಮ ಎಂದು ಈ ವಿಧಾನ ಹೇಳಿದಾಗಲೂ ಅದನ್ನು ನಂಬಬಹುದು.

ಮತ್ತೆ ಫೋಟೊಗೆ ಬರೋಣ. ಬಾರ್ ಮಸುಕಾಗಿದ್ದರೆ ಊಹೆ ಮಾಡಿ ಉತ್ತರ ಬರೆದುಕೊಡುವುದು ತಪ್ಪು. ಸಂಖ್ಯೆಯ ಏಳೆಂಟು ಅಂಕಿಗಳನ್ನು ಬಿಡಿಸಿ ಟೈಪ್ ಮಾಡಲು ಹೇಳಬೇಕು. 0.2353535… ಎಂದು ಬರೆದರೆ ಗೊಂದಲವಿಲ್ಲ. ಕೆಲವು ಪುಸ್ತಕಗಳಲ್ಲಿ ಬಾರ್ ಬದಲು ಮರುಕಳಿಸುವ ಮೊದಲ ಮತ್ತು ಕೊನೆಯ ಅಂಕಿಯ ಮೇಲೆ ಚುಕ್ಕಿ ಇಡುತ್ತಾರೆ. ಫೋಟೊದಲ್ಲಿ ಅದು ಕಾಗದದ ಕಲೆಯಂತೆ ಕಾಣುತ್ತದೆ.

ಪುಸ್ತಕದ ಹಿಂದೆ ಉತ್ತರ ಕೊಟ್ಟಿದ್ದರೆ ಇನ್ನೊಂದು ದಾರಿಯಿದೆ. ಅಲ್ಲಿ 53/225 ಎಂದಿದೆ ಎಂದುಕೊಳ್ಳಿ. ಸಂಕ್ಷಿಪ್ತ ರೂಪದಲ್ಲಿರುವ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5 ಎಂಬ ಅಪವರ್ತನಗಳು ಎಷ್ಟೆಷ್ಟು ಸಲ ಇವೆಯೋ ನೋಡಿ. ಎರಡರಲ್ಲಿ ದೊಡ್ಡ ಎಣಿಕೆ ಯಾವುದೋ, ಬಾರ್‌ಗಿಂತ ಮುಂಚೆ ಅಷ್ಟೇ ಒಂಟಿ ಅಂಕಿಗಳಿರುತ್ತವೆ. 225 = 9 × 5 × 5, ಐದು ಎರಡು ಸಲ ಇದೆ, ಅಂದರೆ 2 ಮತ್ತು 3 ಎರಡೂ ಬಾರ್ ಹೊರಗೆ. ಉಳಿದ 9 ಹೇಳುವುದು ಒಂದೇ ಅಂಕಿ ಮರುಕಳಿಸುತ್ತದೆ ಎಂದು. ಹಾಗಾದರೆ ಬಾರ್ ಇದ್ದದ್ದು 5ರ ಮೇಲೆ ಮಾತ್ರ. 1000x ಇಂದ 100x ಕಳೆದರೆ 900x = 235 − 23 = 212, ನಾಲ್ಕರಿಂದ ಭಾಗಿಸಿದರೆ 53/225. ಛೇದ 990 ಆಗಿದ್ದಿದ್ದರೆ ಅದರಲ್ಲಿ 2 ಒಂದು ಸಲ, 5 ಒಂದು ಸಲ, ಆದ್ದರಿಂದ ಒಂಟಿ ಅಂಕಿ ಒಂದೇ. ಛೇದ 999 ಆಗಿದ್ದಿದ್ದರೆ ಎರಡೂ ಇಲ್ಲ, ಬಾರ್ ದಶಮಾಂಶ ಬಿಂದುವಿನ ಪಕ್ಕದಿಂದಲೇ ಶುರುವಾಗಿರುತ್ತಿತ್ತು.