ಹಸಿರಿನ ಅಂಚು ನೋಡಿ

ಹಂಪಿಯ ಮಾತಂಗ ಬೆಟ್ಟ ಹತ್ತಿದವರೆಲ್ಲ ತಪ್ಪದೆ ತೆಗೆಯುವ ಫೋಟೊ ಒಂದಿದೆ. ಕೆಳಗೆ ಅಚ್ಯುತರಾಯ ದೇವಾಲಯ, ಸುತ್ತ ಬಾಳೆತೋಟ, ತೆಂಗು, ಹೊಳೆ, ಹೊಳೆಯಾಚೆ ಭತ್ತದ ಗದ್ದೆ. ಗುಂಡುಕಲ್ಲುಗಳನ್ನು ಸ್ವಲ್ಪ ಮರೆಮಾಡಿ, ಊರಿನ ಹೆಸರು ಹೇಳದೆ ತೋರಿಸಿದರೆ ಇದು ಮಲೆನಾಡಿನ ಯಾವುದೋ ಕಣಿವೆ ಎಂದು ನಂಬುವವರು ಬಹಳ. ಆದರೆ ಅದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಅರೆಶುಷ್ಕ ಬಯಲುಸೀಮೆ. ಆಗುಂಬೆಯಲ್ಲಿ ಅಷ್ಟು ಮಳೆ ಜುಲೈ ತಿಂಗಳ ಒಂದೇ ವಾರದಲ್ಲಿ ಸುರಿದುಹೋಗುವುದುಂಟು.

ಎರಡೂ ಕಡೆಗೆ ಬರುವುದು ಅದೇ ಮುಂಗಾರು ಗಾಳಿ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ತರುವ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಹೊತ್ತ ನೀರನ್ನು ಅಲ್ಲೇ ಇಳಿಸುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ 7000 ಮಿಲಿಮೀಟರ್ ದಾಟುವುದು ಹೀಗೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಚಿತ್ರದುರ್ಗ, ಬಳ್ಳಾರಿ, ಹೊಸಪೇಟೆ ಇರುವುದು ಈ ಮಳೆನೆರಳಿನಲ್ಲಿ. ಗಾಳಿ ಮಾತ್ರ ಅಲ್ಲಿಗೂ ಜೋರಾಗಿಯೇ ತಲುಪುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳು ಅದಕ್ಕೆ ಸಾಕ್ಷಿ.

ಫೋಟೊದಲ್ಲಿ ಮೊದಲು ಆಕಾಶ ನೋಡುವುದಾದರೆ ಅದರ ಬಣ್ಣಕ್ಕಿಂತ ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಬೇಕು. ಹವಾಮಾನ ತಿಳಿದವರ ಹಳೆಯ ಲೆಕ್ಕವೊಂದಿದೆ: ಗಾಳಿಯ ಈಗಿನ ಉಷ್ಣತೆಗೂ ಅದರ ತೇವ ಇಬ್ಬನಿಯಾಗಿ ಕಟ್ಟುವ ಉಷ್ಣತೆಗೂ ಇರುವ ಅಂತರ ಒಂದೊಂದು ಡಿಗ್ರಿ ಹೆಚ್ಚಿದಂತೆ ಮೋಡದ ತಳ ಸುಮಾರು 125 ಮೀಟರ್ ಮೇಲಕ್ಕೆ ಹೋಗುತ್ತದೆ. ಮಳೆಗಾಲದ ಆಗುಂಬೆಯಲ್ಲಿ ಈ ಅಂತರ ಒಂದು ಡಿಗ್ರಿ ಇದ್ದರೆ ಹೆಚ್ಚು. ಹಾಗಾಗಿ ಮೋಡ ಗುಡ್ಡದ ತಲೆಯನ್ನೇ ನುಂಗಿರುತ್ತದೆ, ಆಕಾಶಕ್ಕೆ ಅಂಚೇ ಇರುವುದಿಲ್ಲ, ನೆಲದ ಮೇಲೆ ನೆರಳು ಬೀಳುವುದಿಲ್ಲ. ಅದೇ ಹೊತ್ತಿಗೆ ಬಯಲುಸೀಮೆಯ ಮಧ್ಯಾಹ್ನದಲ್ಲಿ ಅಂತರ ಹತ್ತು ಡಿಗ್ರಿ ಇದ್ದರೆ ಮೋಡದ ತಳ 1250 ಮೀಟರ್ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಬಿಡಿಬಿಡಿಯಾದ ಬಿಳಿ ಮೋಡಗಳು, ಎಲ್ಲದರ ತಳವೂ ಒಂದೇ ಮಟ್ಟದಲ್ಲಿ ಚಪ್ಪಟೆ, ಕೆಳಗೆ ಗುಡ್ಡದ ಮೇಲೆ ಅವುಗಳ ನೆರಳಿನ ಕಪ್ಪು ತೇಪೆಗಳು. ಆಷಾಢದಲ್ಲಿ ಇಂಥ ಮೋಡಗಳು ದಿನವಿಡೀ ಓಡುತ್ತವೆ, ಹನಿ ಬೀಳುವುದು ಕಡಿಮೆ. ಜನವರಿಯ ನೀಲಿ ಆಕಾಶದಿಂದ ಮಾತ್ರ ಏನೂ ತಿಳಿಯದು. ಆಗ ಆಗುಂಬೆಯ ಆಕಾಶವೂ ನೀಲಿಯೇ.

ಮಣ್ಣಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಕೆಂಪು ಬಣ್ಣದಲ್ಲಿ. ಕೆಂಪು ಎರಡೂ ಕಡೆ ಇದೆ. ಮೊಬೈಲ್ ಕ್ಯಾಮೆರಾ ಬೇರೆ ಹಸಿರನ್ನು ಇನ್ನಷ್ಟು ಹಸಿರು ಮಾಡಿ, ಮಣ್ಣಿಗೆ ಕುಂಕುಮ ಬಳಿದು ಕೊಡುತ್ತದೆ. ಬಣ್ಣ ಬಿಟ್ಟು ಮಣ್ಣು ನಿಂತಿರುವ ಬಗೆಯನ್ನು ನೋಡುವುದು ವಾಸಿ. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗ, ಮಲೆನಾಡಿನವರು ಧರೆ ಎನ್ನುವುದು, ಫೋಟೊದಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಸಾವಿರಾರು ವರ್ಷಗಳ ಮಳೆ ಮಣ್ಣಿನ ಸುಣ್ಣದಂಶವನ್ನೂ ಸಿಲಿಕಾವನ್ನೂ ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದ್ದರಿಂದ ಅಲ್ಲಿ ಜಂಬಿಟ್ಟಿಗೆ ಹುಟ್ಟಿದೆ. ಅದರ ಗೋಡೆ ನೆಟ್ಟಗೆ ನಿಲ್ಲುತ್ತದೆ, ಹುತ್ತದ ಹಾಗೆ ತೂತುತೂತಾಗಿರುತ್ತದೆ, ಒಂದೆರಡು ಮಳೆಗಾಲ ಕಂಡದ್ದಾದರೆ ಮೇಲೆಲ್ಲ ಕಪ್ಪು ಪಾಚಿ. ಆಳುದ್ದ ಕಡಿದರೂ ಗಟ್ಟಿ ಬಂಡೆ ಸಿಗದೆ ಹೋಗಬಹುದು.

ಬಯಲುಸೀಮೆಯ ಕೆಮ್ಮಣ್ಣು ಹಾಗಲ್ಲ. ಅದು ಕಣಶಿಲೆ ಪುಡಿಯಾಗಿ ಆದದ್ದು, ಗರಸು, ನಡುನಡುವೆ ಬೆಣಚುಕಲ್ಲಿನ ಹೊಳಪು. ತೆಳುವಾದ ಪದರದ ಕೆಳಗೇ ಬಂಡೆ ಇಣುಕುತ್ತದೆ. ಎರೆಮಣ್ಣಿನ ಹೊಲವಾದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಳ್ಳದ ದಡ ಕುಸಿದ ಕಡೆ ಬಿಳಿಯ ಸುಣ್ಣದ ಹರಳುಗಳು ಕಂಡರೆ ಅನುಮಾನ ಬೇಡ. ಸುಣ್ಣ ಮಣ್ಣಿನಲ್ಲೇ ಉಳಿದಿದೆ ಎಂದರೆ ಅದನ್ನು ತೊಳೆದೊಯ್ಯುವಷ್ಟು ಮಳೆ ಅಲ್ಲಿಲ್ಲ ಎಂದೇ ಅರ್ಥ.

ಇನ್ನು ಹಸಿರು. ಅದೇ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು. ಹಂಪಿಯ ಫೋಟೊವನ್ನೇ ಬೆರಳಿನಿಂದ ಹಿಗ್ಗಿಸಿ ನೋಡಬಹುದು. ಬಾಳೆತೋಟ ಎಲ್ಲಿ ಮುಗಿಯುತ್ತದೆ? ಬಂಡೆಯ ಬುಡಕ್ಕೆ ಬರುತ್ತಿದ್ದಂತೆ, ಗೆರೆ ಎಳೆದ ಹಾಗೆ. ಗೆರೆಯ ಈಚೆ ಕಡುಹಸಿರು, ಆಚೆ ಕೈಯಗಲ ಮೇಲಕ್ಕೆ ಹೋದರೆ ಒಣಹುಲ್ಲು, ಕಳ್ಳಿ, ಬರಿಯ ಕಲ್ಲು. ನಡುವೆ ಮೆಲ್ಲಗೆ ಮಾಸುವ ಹಸಿರೇ ಇಲ್ಲ. ಮಳೆ ಹೀಗೆ ಗೆರೆ ನೋಡಿಕೊಂಡು ಬೀಳುವುದಿಲ್ಲ, ಗುಡ್ಡಕ್ಕೂ ಗದ್ದೆಗೂ ಒಂದೇ ಸಮ ಬೀಳುತ್ತದೆ. ಗೆರೆ ಇದೆ ಎಂದರೆ ಅದು ಕಾಲುವೆ ನೀರು ಏರಬಲ್ಲ ಮಟ್ಟ. ಹಂಪಿಯ ತೋಟಗಳಿಗೆ ನೀರುಣಿಸುವ ತುರ್ತು ಕಾಲುವೆ ವಿಜಯನಗರ ಕಾಲದ್ದು, ಇಂದಿಗೂ ಹರಿಯುತ್ತಿದೆ. ಅದರಲ್ಲಿ ಹರಿಯುವ ತುಂಗಭದ್ರೆಯ ನೀರು ಗಂಗಾಮೂಲದ ಕಡೆಯ ಮಲೆನಾಡಿನಲ್ಲಿ ಬಿದ್ದ ಮಳೆ. ಆ ಬಾಳೆ ಮಲೆನಾಡಿನ ಗಿಡದಂತೆ ಕಂಡರೆ ಅದರಲ್ಲಿ ಪೂರ್ತಿ ಸುಳ್ಳೂ ಇಲ್ಲವೆನ್ನಿ.

ಆದ್ದರಿಂದ ಯಾರೂ ನೀರು ಹಾಯಿಸದ ನೆಲವನ್ನು ಹುಡುಕಬೇಕು: ಗುಡ್ಡದ ಇಳಿಜಾರು, ಗೋಮಾಳ, ರಸ್ತೆಬದಿ. ಬಯಲುಸೀಮೆಯ ಗುಡ್ಡದಲ್ಲಿ ಪೊದೆಗೂ ಪೊದೆಗೂ ನಡುವೆ ಬರಿನೆಲ ಕಾಣುತ್ತದೆ, ಏಕೆಂದರೆ ಒಂದೊಂದರ ಬೇರಿಗೂ ತನ್ನ ಪಾಲಿನ ನೀರಿಗೆ ಅಷ್ಟು ಜಾಗ ಬೇಕು. ಜಾಲಿ, ಕಾರೆ, ಹಳದಿ ಹೂವಿನ ತಂಗಡಿ, ಎಲ್ಲವೂ ಸಣ್ಣ ಎಲೆ ಇಲ್ಲವೇ ಮುಳ್ಳಿನವು. ಮಲೆನಾಡಿನ ಕಾಡಿನಲ್ಲಿ ಮರದ ತಲೆಗಳು ಒಂದಕ್ಕೊಂದು ತಾಗಿ ನೆಲ ಕಾಣುವುದೇ ಇಲ್ಲ. ಕಾಂಡಕ್ಕೆ ಪಾಚಿ, ಕೊಂಬೆಗೆ ಜರೀಗಿಡ, ಸೀತಾಳೆ ದಂಡೆ. ಮರದ ಮೇಲೆ ಗಿಡ ಬದುಕಿದೆ ಎಂದರೆ ಗಾಳಿಯಲ್ಲೇ ಬೇಕಾದಷ್ಟು ನೀರಿದೆ. ಅಡಿಕೆ ತೋಟವನ್ನು ಮಾತ್ರ ನೆಚ್ಚಬಾರದು. ಚನ್ನಗಿರಿ, ಭೀಮಸಮುದ್ರಗಳ ಕಡೆಯೂ ಸೊಗಸಾದ ಅಡಿಕೆ ತೋಟಗಳಿವೆ. ಅಲ್ಲಿ ಅದು ಕಾಲುವೆ, ಕೆರೆ, ಕೊಳವೆಬಾವಿಗಳ ಅಡಿಕೆ.

ತಿಂಗಳು ಗೊತ್ತಿಲ್ಲದಿದ್ದರೆ ಇನ್ನೊಂದು ತೊಡಕು. ಮಾರ್ಚಿಯಲ್ಲಿ ಕುದುರೆಮುಖದ ಹುಲ್ಲುಗಾವಲು ಒಣಗಿ ಹಳದಿಯಾಗಿರುತ್ತದೆ, ನೋಡಿದವರು ಬರಗಾಲದ ಗುಡ್ಡ ಎಂದಾರು. ಆದರೆ ಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಶೋಲಾ ಕಾಡು ಆಗಲೂ ಕಪ್ಪಿಡುವಷ್ಟು ಹಸಿರು. ಅಲ್ಲಿ ನೀರು ಬತ್ತಿಲ್ಲ. ಇದಕ್ಕೆ ತಿರುಗುಮುರುಗು ಚಿತ್ರದುರ್ಗದ ಅಕ್ಟೋಬರ್. ಕೋಟೆಯ ಬಂಡೆಗಳ ನಡುವೆಲ್ಲ ಹುಲ್ಲು ಎದ್ದು ನಿಂತಿರುತ್ತದೆ. ಆಗ ಹುಲ್ಲನ್ನು ಬಿಟ್ಟು ಮರಗಳ ನಡುವಿನ ಅಂತರ ನೋಡಬೇಕು. ಹುಲ್ಲು ಎರಡು ಮಳೆಗೆ ಬರುತ್ತದೆ, ಮರ ಮೂವತ್ತು ವರ್ಷದ ಮಳೆಯ ಲೆಕ್ಕದ ಮೇಲೆ ನಿಲ್ಲುತ್ತದೆ.

ಇಷ್ಟೆಲ್ಲ ಗುರುತು ಹಿಡಿದೂ ಸೋಲುವ ಜಾಗ ಒಂದಿದೆ, ಅರೆಮಲೆನಾಡು. ಶಿಕಾರಿಪುರ, ಹಾನಗಲ್ಲ, ಕಲಘಟಗಿಯ ಕಡೆ ಗದ್ದೆಯೂ ಉಂಟು, ಜೋಳದ ಹೊಲವೂ ಉಂಟು. ಕಾಡಿನ ತೇಗ, ಮತ್ತಿ ಮರಗಳು ಮಳೆಗಾಲದಲ್ಲಿ ದಟ್ಟ ಕಂಡು ಫೆಬ್ರವರಿಯ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತವೆ. ಆ ಸೀಮೆಯ ಒಂದೇ ಒಂದು ಫೋಟೊ ಇಟ್ಟುಕೊಂಡು ತೀರ್ಪು ಹೇಳಲು ಹೋಗಬೇಡಿ. ತೆಗೆದವರನ್ನು ಯಾವ ತಿಂಗಳಲ್ಲಿ ತೆಗೆದದ್ದೆಂದು ಮೊದಲು ಕೇಳಿ.