‘ಅಪ್ಪಂಗೆ ನೀನಂದ್ರೆ ಇಷ್ಟಾನಾ ಅಮ್ಮ?’

ನಾಲ್ಕೈದು ವರ್ಷದ ಮಕ್ಕಳು ಇಂಥ ಪ್ರಶ್ನೆಯನ್ನು ಹೊತ್ತು ಗೊತ್ತು ನೋಡಿ ಕೇಳುವುದಿಲ್ಲ. ಒಗ್ಗರಣೆ ಸಿಡಿಯುವಾಗಲೋ, ಸ್ಕೂಟರಿನ ಮುಂದೆ ನಿಂತು ಸ್ಕೂಲಿಗೆ ಹೊರಟಾಗಲೋ ಕೇಳಿಬಿಡುತ್ತಾರೆ. ದೊಡ್ಡವರು ನಕ್ಕು, ‘ಹೂಂ ಇಷ್ಟ, ಹೋಗು ಆಡ್ಕೋ’ ಎಂದು ಸಾಗಹಾಕುವುದೇ ಹೆಚ್ಚು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಹಿರಿಯರ ಮುಂದೆ, ಮಕ್ಕಳ ಮುಂದೆ ಅಕ್ಕರೆ ತೋರಿಸಿಕೊಳ್ಳುವುದು ಕಡಿಮೆ. ಆದರೆ ಟೀವಿಯಲ್ಲಿ ಮಗು ನೋಡುವ ಪ್ರೀತಿಯಲ್ಲಿ ಹಾಡಿರುತ್ತದೆ, ಹೂವಿರುತ್ತದೆ, ಮಳೆಯಲ್ಲಿ ಕುಣಿತವಿರುತ್ತದೆ. ಮನೆಯಲ್ಲಿ ಅದು ಯಾವುದೂ ಕಾಣದಿದ್ದಾಗ, ಇವರಿಬ್ಬರ ನಡುವೆ ಅದು ಇದೆಯೋ ಇಲ್ಲವೋ ಎಂಬ ಅನುಮಾನ ಮಗುವಿಗೆ ಬಂದರೆ ಆಶ್ಚರ್ಯವೇನಿಲ್ಲ.

ಇದಕ್ಕೆ ಉತ್ತರ ಕೊಡಲು ದೊಡ್ಡ ಮಾತು ಬೇಕಿಲ್ಲ. ಮಗುವಿಗೆ ಅಷ್ಟು ಹೊತ್ತಿಗೆ ಏನು ಅರ್ಥವಾಗುತ್ತದೆ ಎಂಬುದು ಗೊತ್ತಿದ್ದರೆ ಸಾಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬೆಟ್ಟಿ ರೆಪಾಕೋಲಿ ಮತ್ತು ಆಲಿಸನ್ ಗಾಪ್ನಿಕ್ ಎಂಬ ಸಂಶೋಧಕಿಯರು 1997ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪುಟ್ಟ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೋಲಿ. ಮಕ್ಕಳಿಗೆ ಇಷ್ಟವಾಗಿದ್ದು ಬಿಸ್ಕತ್ತು. ಆದರೆ ಎದುರಿಗೆ ಕೂತ ಸಂಶೋಧಕಿ ಬಿಸ್ಕತ್ತು ತಿಂದು ಮುಖ ಕಿವುಚಿದಳು, ಬ್ರೊಕೋಲಿ ತಿಂದು ಸಂತೋಷಪಟ್ಟಳು. ಆಮೇಲೆ ‘ನನಗೂ ಸ್ವಲ್ಪ ಕೊಡು’ ಎಂದು ಕೈ ಚಾಚಿದಳು. ಹದಿನಾಲ್ಕು ತಿಂಗಳ ಕೂಸುಗಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟವು. ಹದಿನೆಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ಬ್ರೊಕೋಲಿ ಎತ್ತಿಕೊಟ್ಟರು. ತನಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಿರಬಹುದು ಎಂಬ ತಿಳಿವಳಿಕೆ ಅಷ್ಟು ಬೇಗ ಮೊಳೆಯುತ್ತದೆ.

ಐದು ವರ್ಷದ ಮಗುವಿಗೆ ಅಪ್ಪ ಅಮ್ಮನ ಪ್ರೀತಿಯನ್ನು ಹೇಳಿಕೊಡಲು ಹಿಡಿಯಬೇಕಾದ ಎಳೆ ಇದೇ. ಒಬ್ಬರಿಗೆ ಏನು ಇಷ್ಟ, ಏನಾದರೆ ನೋವು ಎಂಬುದನ್ನು ಇನ್ನೊಬ್ಬರು ನೆನಪಿಟ್ಟುಕೊಂಡು ಅದರಂತೆ ನಡೆಯುವುದು. ಈ ವಿವರಣೆ ದೊಡ್ಡವರ ಪ್ರೀತಿಯನ್ನೆಲ್ಲ ಹಿಡಿದಿಡುವುದಿಲ್ಲ, ನಿಜ. ಆದರೆ ಮಗುವಿನ ಕಣ್ಣಿಗೆ ಕಾಣುವಷ್ಟನ್ನು ಹಿಡಿದುಕೊಡುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಹಿಂದಿನ ರಾತ್ರಿ ಅಮ್ಮನಿಗೆ ತಲೆನೋವು. ಅಪ್ಪ ಕ್ರಿಕೆಟ್ ನೋಡುತ್ತಿದ್ದವರು ಟೀವಿ ಆರಿಸಿ, ಟ್ಯೂಬ್‌ಲೈಟನ್ನೂ ಆರಿಸಿದರು. ಬೆಳಿಗ್ಗೆ ಮಗಳು ಆ ಪ್ರಶ್ನೆ ಕೇಳುತ್ತಾಳೆ. ಅಮ್ಮ ಉತ್ತರ ಹೇಳದೆ ತಿರುಗಿ ಕೇಳುತ್ತಾಳೆ: ‘ನಿನ್ನೆ ನಂಗೆ ತಲೆನೋವು ಬಂದಾಗ ಅಪ್ಪ ಏನು ಮಾಡಿದ್ರು?’

‘ಟೀವಿ ಆಫ್ ಮಾಡಿದ್ರು.’

‘ಅಪ್ಪಂಗೆ ಮ್ಯಾಚ್ ನೋಡ್ಬೇಕು ಅಂತ ಇರ್ಲಿಲ್ವಾ?’

‘ಇತ್ತು.’

‘ಮತ್ಯಾಕೆ ಆಫ್ ಮಾಡಿದ್ರು?’

ಮಗಳು ಸ್ವಲ್ಪ ಯೋಚಿಸಿ, ‘ನಿಂಗೆ ನೋವಾಗತ್ತೆ ಅಂತ’ ಎನ್ನುತ್ತಾಳೆ.

ಇಲ್ಲಿ ಅಮ್ಮ ಮಾಡಿದ್ದು ಮೂರೇ ಕೆಲಸ. ಮಗು ಕಣ್ಣಾರೆ ಕಂಡ, ಇತ್ತೀಚಿನ ಒಂದು ಸಂಗತಿ ಆರಿಸಿಕೊಂಡಳು. ಅಪ್ಪನಿಗೆ ತನ್ನದೇ ಆಸೆಯೂ ಇತ್ತು ಎಂದು ನೆನಪಿಸಿದಳು. ‘ಯಾಕೆ’ ಎಂಬುದನ್ನು ಮಗಳ ಬಾಯಿಂದಲೇ ಹೇಳಿಸಿದಳು. ಎರಡನೆಯದು ಮುಖ್ಯ. ಅದಿಲ್ಲದಿದ್ದರೆ ಟೀವಿ ಆರಿಸಿದ್ದು ಬರೀ ಟೀವಿ ಆರಿಸಿದ್ದಾಗಿ ಉಳಿಯುತ್ತದೆ.

ಉದಾಹರಣೆಗಳು ಎರಡೂ ಕಡೆಯಿಂದ ಬರಬೇಕು. ಅಪ್ಪನಿಗೆ ಉಪ್ಪಿಟ್ಟು ಸೇರದೆಂದು ಅಮ್ಮ ಒಂದು ಹಿಡಿ ಅವಲಕ್ಕಿ ನೆನೆಸುವುದನ್ನು ಅಪ್ಪನೇ ಮಗುವಿಗೆ ತೋರಿಸಬಹುದು. ಯಾವಾಗಲೂ ಅಮ್ಮ ಬಡಿಸುವುದನ್ನೇ ತೋರಿಸುತ್ತಾ ಹೋದರೆ, ಒಬ್ಬರು ಸೇವೆ ಮಾಡುವುದು, ಇನ್ನೊಬ್ಬರು ಮಾಡಿಸಿಕೊಳ್ಳುವುದು ಎಂದೇ ಮಗು ಕಲಿಯುತ್ತದೆ. ಉಡುಗೊರೆಯ ಉದಾಹರಣೆಯೂ ಸುಲಭವೆನಿಸುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ‘ಅಪ್ಪ ಸೀರೆ ತಂದರು, ಅದಕ್ಕೇ ಪ್ರೀತಿ’ ಎಂದರೆ, ಸೀರೆ ತರದ ವರ್ಷದಲ್ಲಿ ಪ್ರೀತಿ ಇಲ್ಲವೆಂದಾಯಿತು. ವಿವರಣೆ ಮಗುವಿಗೆ ತಲುಪಿತೇ ಎಂದು ತಿಳಿಯಲು ಪರೀಕ್ಷೆ ಮಾಡಬೇಕಿಲ್ಲ. ಕೆಲವು ದಿನಗಳಲ್ಲಿ ಅದು ತಾನೇ ಒಂದನ್ನು ಕಂಡುಹಿಡಿದು, ‘ಅಜ್ಜ ಅಜ್ಜಿಗೆ ಕನ್ನಡಕ ಹುಡುಕಿಕೊಟ್ರು, ನೋಡ್ದೆ’ ಎಂದು ಬಂದು ಹೇಳಿದರೆ ತಲುಪಿದೆ ಎಂದರ್ಥ.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಅಪ್ಪ ಜಾಸ್ತಿ ಇಷ್ಟಾನೋ, ನಾನೋ?’ ಮನೆಗೆ ಬಂದ ನೆಂಟರು ‘ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ’ ಎಂದು ಕೇಳಿ ಕೇಳಿ, ಪ್ರೀತಿಯೆಂದರೆ ಯಾರಿಗೋ ಗೆಲುವು, ಯಾರಿಗೋ ಸೋಲು ಎಂದು ಕಲಿಸಿಬಿಟ್ಟಿರುತ್ತಾರೆ. ಈ ವಯಸ್ಸಿನ ಮಗುವಿನ ಲೆಕ್ಕದಲ್ಲಿ ಒಂದು ಲಾಡನ್ನು ಇಬ್ಬರಿಗೆ ಮುರಿದರೆ ತನ್ನ ಪಾಲು ಚಿಕ್ಕದಾಯಿತು. ಪ್ರೀತಿಯೂ ಹಾಗೇ ಎಂದುಕೊಳ್ಳುತ್ತದೆ. ಆದ್ದರಿಂದ ‘ಇಬ್ಬರೂ ಒಂದೇ ಸಮ’ ಎಂದು ಅಳೆದುಕೊಡುವುದಕ್ಕಿಂತ ಕೆಲಸದ ವ್ಯತ್ಯಾಸ ಹೇಳುವುದು ಒಳ್ಳೆಯದು. ‘ನಿನಗೆ ಸ್ನಾನ ಮಾಡಿಸ್ತೀನಿ, ಕತೆ ಹೇಳ್ತೀನಿ. ಅಪ್ಪನ ಹತ್ತಿರ ನನ್ನ ಆಫೀಸಿನ ಬೇಜಾರೆಲ್ಲ ಹೇಳ್ಕೋತೀನಿ. ಅದು ಬೇರೆ, ಇದು ಬೇರೆ.’ ‘ದೊಡ್ಡವನಾದ ಮೇಲೆ ನಾನೇ ಅಮ್ಮನ್ನ ಮದುವೆ ಆಗ್ತೀನಿ’ ಎನ್ನುವ ಮಗನಿಗೂ ಇದೇ ಉತ್ತರ ಸಾಕು. ಗೇಲಿ ಮಾಡಬೇಕಿಲ್ಲ, ಗಾಬರಿಯೂ ಬೇಡ.

ಎಲ್ಲಕ್ಕಿಂತ ಕಷ್ಟದ್ದು ಜಗಳದ ಮರುದಿನದ ಪ್ರಶ್ನೆ. ಅಪ್ಪ ಅಮ್ಮ ಜೋರಾಗಿ ಮಾತಾಡಿದರು, ಹಾಗಾದರೆ ಪ್ರೀತಿ ಹೋಯಿತೇ? ನೋಟ್ರ್ ಡಾಮ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಅನೇಕ ವರ್ಷ ಇದನ್ನೇ ಅಧ್ಯಯನ ಮಾಡಿದರು. ನಟರು ಜಗಳವಾಡುವ ವೀಡಿಯೊಗಳನ್ನು ಮಕ್ಕಳಿಗೆ ತೋರಿಸಿ, ಅವರು ಹೇಗೆ ಪ್ರತಿಕ್ರಿಯಿಸುತ್ತಾರೆಂದು ಗಮನಿಸುವುದು ಅವರ ಒಂದು ವಿಧಾನ. ಜಗಳ ರಾಜಿಯಲ್ಲಿ ಮುಗಿದಾಗ ಮಕ್ಕಳ ಕಳವಳ ಬಹಳ ಇಳಿಯುತ್ತಿತ್ತು. ರಾಜಿಯಾದದ್ದನ್ನು ಕಣ್ಣಾರೆ ನೋಡದೆ, ‘ಆಮೇಲೆ ಸರಿಹೋಯಿತು’ ಎಂದು ತಿಳಿದರೂ ಸಮಾಧಾನ ಸಿಗುತ್ತಿತ್ತು. ಕೂಗಾಟವಿಲ್ಲದೆ ಬರೀ ಮುಖ ಗಂಟಿಕ್ಕಿ ಕೂತರೂ ಮಕ್ಕಳು ಅದನ್ನು ಸಿಟ್ಟೆಂದೇ ಗುರುತಿಸುತ್ತಿದ್ದರು.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಜಗಳ ಹಾಲಿನಲ್ಲಿ, ರಾಜಿ ಮಗು ಮಲಗಿದ ಮೇಲೆ ಕೋಣೆಯೊಳಗೆ. ಮಗುವಿನ ಪಾಲಿಗೆ ಮೊದಲರ್ಧ ಮಾತ್ರ ಬರುತ್ತದೆ. ಹಾಗಾಗಿ ಬೆಳಿಗ್ಗೆ ಇಬ್ಬರಲ್ಲೊಬ್ಬರು ಹೇಳಬೇಕು: ‘ನಿನ್ನೆ ಬಾಡಿಗೆ ದುಡ್ಡಿನ ವಿಷಯಕ್ಕೆ ನಮಗೆ ಸಿಟ್ಟು ಬಂತು. ರಾತ್ರಿ ಕೂತು ಮಾತಾಡಿದ್ವಿ, ಸರಿಹೋಯ್ತು. ನಿನ್ನಿಂದ ಆದದ್ದಲ್ಲ.’ ಕೊನೆಯ ಮಾತನ್ನು ಬಿಡಬಾರದು. ಈ ವಯಸ್ಸಿನ ಮಕ್ಕಳು ಸುತ್ತ ನಡೆಯುವುದಕ್ಕೆಲ್ಲ ತಾವೇ ಕಾರಣ ಎಂದುಕೊಳ್ಳುವುದು ಸಾಮಾನ್ಯ. ಹೋಮ್‌ವರ್ಕ್ ಮಾಡದ್ದಕ್ಕೇ ಜಗಳವಾಯಿತು ಎಂದು ಒಳಗೊಳಗೇ ನಂಬಿಕೊಂಡಿರಬಹುದು. ಸರಿಹೋಗಿಲ್ಲದಿದ್ದರೆ ಸರಿಹೋಯಿತೆಂದು ಸುಳ್ಳು ಹೇಳುವುದೂ ಬೇಡ. ‘ಇನ್ನೂ ಸ್ವಲ್ಪ ಸಿಟ್ಟಿದೆ, ಇವತ್ತು ಮತ್ತೆ ಮಾತಾಡ್ತೀವಿ’ ಎಂದರೆ ಮಗುವಿಗೆ ಅರ್ಥವಾಗುತ್ತದೆ. ಅಪ್ಪ ಅಮ್ಮ ಬೇರೆಯಾಗಿರುವ ಮನೆಯಲ್ಲಿಯೂ ನಿಜವನ್ನೇ ಹೇಳಬಹುದು: ‘ನಾವಿಬ್ಬರೂ ಈಗ ಒಟ್ಟಿಗೆ ಇರಲ್ಲ. ನಿನ್ನ ಅಪ್ಪ, ನಿನ್ನ ಅಮ್ಮ ಆಗಿರೋದು ಬದಲಾಗಲ್ಲ.’

ಒಂದು ಕಡೆ ಮಾತ್ರ ಪ್ರೀತಿಯ ಮಾತನ್ನು ಎತ್ತಲೇಬಾರದು. ಹೊಡೆತ ಬಡಿತ ಇರುವ ಮನೆಯಲ್ಲಿ ‘ಪ್ರೀತಿ ಇರೋದಕ್ಕೇ ಹೊಡೀತಾರೆ’ ಎಂದು ಮಗುವಿಗೆ ಹೇಳಿದರೆ, ಅದು ಮುಂದೆ ಹೊಡೆತವನ್ನೇ ಪ್ರೀತಿಯೆಂದು ಸಹಿಸಿಕೊಳ್ಳಬಹುದು, ಇಲ್ಲವೇ ಕೊಡಬಹುದು. ಅಲ್ಲಿ ಹೇಳಬೇಕಾದದ್ದು ‘ಹೊಡೆಯೋದು ತಪ್ಪು, ನಾವು ಸಹಾಯ ಕೇಳೋಣ’ ಎಂದು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಏನಾದರೆ ಇನ್ನೊಬ್ಬರಿಗೆ ನೋವು ಎಂದು ನೆನಪಿಟ್ಟು ನಡೆಯುವುದೇ ಪ್ರೀತಿ ಎಂದು ಕಲಿತ ಮಗುವಿಗೆ, ನೋಯಿಸುವುದು ಅದಲ್ಲ ಎಂಬುದನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗುವುದಿಲ್ಲ.