ಖಾರದ ಘಾಟಿಗೆ ಮೂರು ದಾರಿ, ಆಕಳಿಕೆಗೆ ಬೇರೆಯದೇ ದಾರಿ

ಕೆಮ್ಮು, ಸೀನು, ಬಿಕ್ಕಳಿಕೆ, ಆಕಳಿಕೆ ನಾಲ್ಕೂ ಉಸಿರಾಟದ ಸ್ನಾಯುಗಳನ್ನೇ ದುಡಿಸಿಕೊಳ್ಳುತ್ತವೆ, ನಾಲ್ಕೂ ಹೇಳದೆ ಕೇಳದೆ ಬರುತ್ತವೆ. ಹಾಗಾಗಿ ಇವೆಲ್ಲ ಒಂದೇ ಮೂಲದವು ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಇವು ಕೆರಳುವ ಜಾಗ ಬೇರೆ, ಸುದ್ದಿ ಸಾಗುವ ದಾರಿ ಬೇರೆ, ಗಾಳಿ ಹರಿಯುವ ದಿಕ್ಕೂ ಬೇರೆ. ಇದನ್ನು ತಿಳಿಯಲು ಹಾವೇರಿ ಜಿಲ್ಲೆಯವರಿಗೆ ಪ್ರಯೋಗಶಾಲೆ ಬೇಕಿಲ್ಲ, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಸಾಕು.

ಬೇಸಿಗೆ ಬಂತೆಂದರೆ ಅಕ್ಕಿಆಲೂರು, ಹಾನಗಲ್ಲ ಕಡೆಯ ಮನೆಗಳಲ್ಲಿ ವರ್ಷದ ಖಾರದಪುಡಿಯ ಕೆಲಸ ಶುರುವಾಗುತ್ತದೆ. ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ಹುರಿದು ಗಿರಣಿಗೆ ಒಯ್ಯುತ್ತಾರೆ. ಬ್ಯಾಡಗಿ ತಳಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಹುರಿಯುವಾಗ ಏಳುವ ಘಾಟಿಗೆ ಒಲೆಯ ಮುಂದಿದ್ದವರು ಕೆಮ್ಮುತ್ತಾರೆ, ಪುಡಿ ಜರಡಿ ಹಿಡಿಯುವವರು ಸೀನುತ್ತಾರೆ, ಖಾರದ ಚಟ್ನಿಯನ್ನು ಗಬಗಬನೆ ತಿಂದವರಿಗೆ ಬಿಕ್ಕಳಿಕೆ ಹತ್ತುತ್ತದೆ. ಮೂರಕ್ಕೂ ಮೂಲ ಕ್ಯಾಪ್ಸೈಸಿನ್ ಎಂಬ ಒಂದೇ ರಾಸಾಯನಿಕ. ಅದು ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ತೆರೆಯುತ್ತದೆ. ಈ ಗ್ರಾಹಕದ ಸಹಜ ಕೆಲಸ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಗುರುತಿಸುವುದು. ಖಾರ ತಾಗಿದಾಗ ಸುಟ್ಟಂತೆ ಅನ್ನಿಸುವುದು ಅದಕ್ಕೇ. 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು.

ಗ್ರಾಹಕ ಒಂದೇ ಆದರೂ ಅದು ಯಾವ ನರದ ತುದಿಯಲ್ಲಿದೆ ಎಂಬುದರ ಮೇಲೆ ಮುಂದಿನದು ನಿಂತಿದೆ. ಪುಡಿ ಮೂಗಿನ ಒಳಪೊರೆಗೆ ತಾಗಿದರೆ ಸುದ್ದಿ ಮುಖದ ಸ್ಪರ್ಶವನ್ನೆಲ್ಲ ಒಯ್ಯುವ ಐದನೆಯ ಕಪಾಲ ನರ ಟ್ರೈಜೆಮಿನಲ್ ಮೂಲಕ ಮೆದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಆಜ್ಞೆ ಹೊರಟು, ಎದೆ ಗಾಳಿ ತುಂಬಿಕೊಂಡು, ನಾಲಿಗೆಯ ಹಿಂಭಾಗ ಮೇಲೆದ್ದು, ಗಾಳಿ ಮೂಗಿನಿಂದಲೂ ನುಗ್ಗುತ್ತದೆ. ಅದೇ ಘಾಟು ಧ್ವನಿಪೆಟ್ಟಿಗೆಗೋ ಶ್ವಾಸನಾಳಕ್ಕೋ ಇಳಿದರೆ ಸುದ್ದಿ ಒಯ್ಯುವುದು ಹತ್ತನೆಯ ಕಪಾಲ ನರ ವೇಗಸ್. ಆಗ ಧ್ವನಿತಂತುಗಳು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬಿಗಿಯಾಗಿ ಮುಚ್ಚುತ್ತವೆ, ಹೊಟ್ಟೆಯ ಸ್ನಾಯುಗಳು ಒತ್ತುತ್ತವೆ, ಒಳಗಿನ ಒತ್ತಡ ಏರುತ್ತದೆ, ತಂತುಗಳು ಥಟ್ಟನೆ ತೆರೆದು ಗಾಳಿ ಬಾಯಿಂದ ಸಿಡಿಯುತ್ತದೆ. ವೈದ್ಯ ಸಂಶೋಧಕರು ಕೆಮ್ಮಿನ ಸೂಕ್ಷ್ಮತೆ ಅಳೆಯಲು ಇಂದಿಗೂ ಬಳಸುವುದು ಇದೇ ಕ್ಯಾಪ್ಸೈಸಿನ್ನನ್ನು: ಅದರ ತುಂತುರನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಉಸಿರಿಗೆ ಕೊಟ್ಟು, ಯಾವ ಪ್ರಮಾಣಕ್ಕೆ ಐದು ಸಲ ಕೆಮ್ಮು ಬರುತ್ತದೆ ಎಂದು ನೋಡುತ್ತಾರೆ.

ಕೆಮ್ಮು ವೇಗಸ್ ನರದ್ದೇ ಎಂಬುದಕ್ಕೆ ಸೊಗಸಾದ ಸಾಕ್ಷಿ ಕಿವಿಯಲ್ಲಿದೆ. ಈ ನರದ ಒಂದು ಸಣ್ಣ ಕವಲು ಕಿವಿಯ ಕಾಲುವೆಯ ಚರ್ಮಕ್ಕೂ ಬರುತ್ತದೆ, ಅದರ ಹೆಸರು ಆರ್ನಾಲ್ಡ್ ನರ. ನೂರರಲ್ಲಿ ಕೆಲವರಿಗೆ ಕಿವಿಯಲ್ಲಿ ಕಡ್ಡಿ ಆಡಿಸಿದ ಕೂಡಲೇ ಒಣಕೆಮ್ಮು ಬರುತ್ತದೆ. ಗಂಟಲಿಗೆ ಏನೂ ಆಗಿರುವುದಿಲ್ಲ. ಕಿವಿಯಿಂದ ಬಂದ ಸುದ್ದಿಯನ್ನು ಮೆದುಳು ಗಂಟಲಿನದೆಂದು ಓದಿಕೊಂಡಿರುತ್ತದೆ. ತಿಂಗಳುಗಟ್ಟಲೆ ಕೆಮ್ಮಿದವರ ಕಿವಿಯಲ್ಲಿ ಗಟ್ಟಿಯಾಗಿ ಕೂತ ಗುಗ್ಗೆ ತೆಗೆದ ಮೇಲೆ ಕೆಮ್ಮು ನಿಂತ ಉದಾಹರಣೆಗಳೂ ವೈದ್ಯ ಸಾಹಿತ್ಯದಲ್ಲಿವೆ. ಇದೇ ಕಾರಣಕ್ಕೆ, ಕಾರಣ ತಿಳಿಯದ ಕೆಮ್ಮಿನ ರೋಗಿಯ ಕಿವಿಯಲ್ಲೂ ಒಮ್ಮೆ ಇಣುಕುವುದು ಜಾಣ ವೈದ್ಯರ ಪದ್ಧತಿ.

ಸೀನು ಮತ್ತು ಕೆಮ್ಮಿನ ದಾರಿಗಳು ಎಷ್ಟು ಪ್ರತ್ಯೇಕ ಎಂಬುದು 2024ರಲ್ಲಿ ಇನ್ನೂ ಸ್ಪಷ್ಟವಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಿನ್ ಲಿಯು ಅವರ ತಂಡ ಇಲಿಗಳ ಮೂಗಿನಲ್ಲಿ ಸೀನಿಗೆಂದೇ ಇರುವ ಒಂದು ಬಗೆಯ ನರಕೋಶವನ್ನೂ ಶ್ವಾಸನಾಳದಲ್ಲಿ ಕೆಮ್ಮಿಗೆ ಬೇಕಾದ ಬೇರೆ ಬಗೆಯ ನರಕೋಶವನ್ನೂ ಗುರುತಿಸಿತು. ಮೊದಲನೆಯದನ್ನು ಇಲ್ಲವಾಗಿಸಿದಾಗ ಫ್ಲೂ ತಗುಲಿದ ಇಲಿಗಳ ಸೀನು ಬಹುಮಟ್ಟಿಗೆ ನಿಂತಿತು, ಕೆಮ್ಮು ಮಾತ್ರ ಹಾಗೆಯೇ ಉಳಿಯಿತು. ಇನ್ನೊಂದು ವ್ಯತ್ಯಾಸವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಬೇಕೆಂದಾಗ ಕೆಮ್ಮಬಹುದು, ಬೇಕೆಂದಾಗ ಸೀನಲಾಗದು.

ಇಷ್ಟು ನಿಖರವಾದ ನರವ್ಯವಸ್ಥೆಯ ಮೇಲೆ ಜನ ಶಕುನ ಹೊರಿಸಿರುವುದು ಬೇಸರದ ಸಂಗತಿ. ಹೊರಡುವಾಗ ಒಂಟಿ ಸೀನು ಕೇಳಿಸಿತೆಂದು ಬಸ್ಸು ತಪ್ಪಿಸಿಕೊಂಡು ಕೂರುವವರು ಈಗಲೂ ಇದ್ದಾರೆ. ಮೂಗಿಗೆ ಹೊಕ್ಕ ಧೂಳಿಗೆ ಪಕ್ಕದವರ ಪ್ರಯಾಣದ ವಿಷಯ ಗೊತ್ತಿರುವುದಿಲ್ಲ. ಅಪಶಕುನಕ್ಕೆ ಅಂಜಿ ಮೂಗು ಬಾಯಿ ಮುಚ್ಚಿ ಸೀನನ್ನು ಅದುಮುವುದಂತೂ ನಿಜಕ್ಕೂ ಅಪಾಯ. ಹಾಗೆ ಅದುಮಿ ಗಂಟಲೊಳಗೆ ಹರಿದುಕೊಂಡ ಇಂಗ್ಲೆಂಡಿನ ಒಬ್ಬ ವ್ಯಕ್ತಿಯ ಪ್ರಕರಣ 2018ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಗಿದೆ.

ಬಿಕ್ಕಳಿಕೆಯಲ್ಲಿ ಗಾಳಿಯ ದಿಕ್ಕೇ ತಿರುಗುತ್ತದೆ. ಕೆಮ್ಮು, ಸೀನು ಗಾಳಿಯನ್ನು ಹೊರಗೆಸೆದರೆ ಬಿಕ್ಕಳಿಕೆ ಒಳಗೆಳೆಯುತ್ತದೆ. ಖಾರ ಅನ್ನನಾಳವನ್ನು ಕೆರಳಿಸಿದಾಗ ಅಥವಾ ಹೊಟ್ಟೆ ಉಬ್ಬಿದಾಗ ವೇಗಸ್ ಮತ್ತು ವಪೆಯ ನರಗಳು ಸುದ್ದಿ ಒಯ್ಯುತ್ತವೆ, ವಪೆ ಒಮ್ಮೆಲೇ ಸೆಳೆತಕ್ಕೆ ಸಿಲುಕುತ್ತದೆ. ಗಾಳಿ ಒಳನುಗ್ಗಲು ಶುರುವಾದ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟರಲ್ಲಿ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ಆ ‘ಹಿಕ್’ ಸದ್ದು ಅದೇ. ಯಾರೋ ನೆನೆಸಿಕೊಂಡರು ಎನ್ನುವ ಮಾತಿಗೆ ಆಧಾರವಿಲ್ಲ, ಆದರೆ ಉಸಿರು ಬಿಗಿಹಿಡಿಯುವ ಮನೆಮದ್ದಿಗೆ ಇದೆ: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಈ ಸೆಳೆತ ತಗ್ಗುತ್ತದೆ. ಕೆಮ್ಮು ಮತ್ತು ಸೀನು ಶ್ವಾಸಮಾರ್ಗವನ್ನು ಶುಚಿ ಮಾಡುತ್ತವೆ; ಬಿಕ್ಕಳಿಕೆಯಿಂದ ವಯಸ್ಕರಿಗೆ ಯಾವ ಪ್ರಯೋಜನವೂ ಇದುವರೆಗೆ ಕಂಡುಬಂದಿಲ್ಲ.

ಆಕಳಿಕೆಗೂ ಖಾರಕ್ಕೂ ಸಂಬಂಧವೇ ಇಲ್ಲ. ಅದು ಮೂಗು ಗಂಟಲುಗಳ ಕೆರಳಿಕೆಯಿಂದ ಹುಟ್ಟುವುದಲ್ಲ. ನಿದ್ದೆ ಎಚ್ಚರಗಳ ನಡುವಿನ ಸ್ಥಿತಿ ಬದಲಾಗುವಾಗ ಮೆದುಳಿನೊಳಗಿನ ಹೈಪೊಥಲಮಸ್‌ನಿಂದ ಹೊರಡುವಂಥದ್ದು. ಮತ್ತೊಬ್ಬರ ಆಕಳಿಕೆ ನೋಡಿದರೂ ಬರುತ್ತದೆ, ಅದರ ಬಗ್ಗೆ ಓದಿದರೂ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಆಕಳಿಕೆ ಬರುತ್ತದೆ ಎಂಬ ಪಾಠ ಇನ್ನೂ ಕೇಳಿಬರುತ್ತದೆ, ಅದು ತಪ್ಪು. 1987ರಲ್ಲಿ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಶುದ್ಧ ಆಮ್ಲಜನಕವನ್ನೂ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿಯನ್ನೂ ಉಸಿರಾಡಿಸಿದರು. ಉಸಿರಾಟದ ವೇಗ ಬದಲಾಯಿತು, ಆಕಳಿಕೆಯ ಸಂಖ್ಯೆ ಬದಲಾಗಲಿಲ್ಲ.

ಇನ್ನೂ ಬೆರಗಿನ ಸಂಗತಿ ಪಾರ್ಶ್ವವಾಯು ರೋಗಿಗಳಲ್ಲಿದೆ. ಎಷ್ಟು ಪ್ರಯತ್ನಿಸಿದರೂ ಎತ್ತಲಾಗದ ಅವರ ಸ್ವಾಧೀನ ತಪ್ಪಿದ ಕೈ, ಕೆಲವರಲ್ಲಿ ಆಕಳಿಸುವಾಗ ತಾನೇ ಮೇಲೇಳುತ್ತದೆ, ಆಕಳಿಕೆ ಮುಗಿದ ಕೂಡಲೇ ಬೀಳುತ್ತದೆ. ಇಚ್ಛೆಯಿಂದ ಕೈ ಎತ್ತುವ ದಾರಿ ಮೆದುಳಿನ ಮೇಲ್ಭಾಗದಲ್ಲಿ ಕಡಿದಿದ್ದರೂ, ಆಕಳಿಕೆಯ ಜೊತೆ ಮೈ ಮುರಿಯುವ ಹಳೆಯ ದಾರಿ ಮೆದುಳಿನ ಬುಡದಲ್ಲಿ ಉಳಿದಿರುವುದೇ ಇದಕ್ಕೆ ಕಾರಣ ಎಂದು ನರವೈದ್ಯರು ವಿವರಿಸುತ್ತಾರೆ. ಮನೆಯವರು ಇದನ್ನು ಕಂಡು ಕೈ ಬಂತೆಂದು ಹಿಗ್ಗುವುದುಂಟು. ಆದರೆ ಇದಷ್ಟನ್ನೇ ಗುಣಮುಖವಾಗುವ ಲಕ್ಷಣವೆಂದು ನಂಬಿ ವ್ಯಾಯಾಮ ಚಿಕಿತ್ಸೆ ಬಿಡಬಾರದು.

ದಾರಿಗಳು ಬೇರೆಯಾದ್ದರಿಂದ ಎಚ್ಚರಿಕೆಯ ಗಡುವುಗಳೂ ಬೇರೆ. 48 ಗಂಟೆ ಮೀರಿದ ಬಿಕ್ಕಳಿಕೆಗೆ ಮೂತ್ರಪಿಂಡದ ಅಥವಾ ಮೆದುಳಿನ ತೊಂದರೆ ಕಾರಣವಿರಬಹುದು, ವೈದ್ಯರಿಗೆ ತೋರಿಸಬೇಕು. ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ತರಹದ ಮಾತ್ರೆ ಶುರುಮಾಡಿದ ಮೇಲೆ ಒಣಕೆಮ್ಮು ಹತ್ತಿದ್ದರೆ ಅದು ಮಾತ್ರೆಯದೇ ಇರಬಹುದು; ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು. ಎರಡು ವಾರ ದಾಟಿದ ಯಾವ ಕೆಮ್ಮನ್ನೂ ಖಾರದ ಘಾಟೆಂದು ತಳ್ಳಿಹಾಕದೆ ಕ್ಷಯದ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಪರೀಕ್ಷೆಯೂ ಔಷಧಿಯೂ ಉಚಿತ.